ಕೆಲಸ ಹೋದವನಿಗೆ ಜೋಶ್ ಹಾಡು ಕೊಡಬೇಡಿ

ಕೆಲಸ ಹೋದ ಅಕ್ಕನ ಮಗನಿಗೆ ಹಾಡು ಆರಿಸಿಕೊಡುತ್ತೇನೆ ಅಂದಾಗ, 'ಹಾಡು ಕೇಳಿದ್ರೆ ಕೆಲಸ ಸಿಗತ್ತಾ?' ಅಂತ ಸರಸ್ವತಿಪುರಂನಲ್ಲಿ ಸುಗಮ ಸಂಗೀತ ಹೇಳಿಕೊಡುವ ನನ್ನ ಗೆಳೆಯರೇ ನಕ್ಕಿದ್ದರು. ಸಿಗಲ್ಲ. ಆದರೆ ಅರ್ಜಿ ಹಾಕೋಕೆ ಕೂರುವಷ್ಟು ಮನಸ್ಸು ನಿಲ್ಲುತ್ತದೆ. ಈಗ ಅವರೇ ಹಾಡಿನ ಪಟ್ಟಿ ಕೇಳುತ್ತಿದ್ದಾರೆ.

ಅಕ್ಕನ ಮಗ ನಂಜನಗೂಡು ಕಡೆಯ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ. ಕೆಲಸ ಹೋಯಿತು. ಮನೆಯವರೆಲ್ಲ ಅವನಿಗೆ ಜೋಶ್ ಹಾಡು ಕಳಿಸಿದರು. ಹತ್ತು ನಿಮಿಷ ಹುರುಪು ಬರುತ್ತಿತ್ತು, ಆಮೇಲೆ ಒಂದು ತಿರಸ್ಕಾರದ ಮೇಲ್ ಬಂದರೆ ಮೊದಲಿಗಿಂತ ಕೆಳಗೆ ಬೀಳುತ್ತಿದ್ದ. ಫ್ಯಾಕ್ಟರಿ ಬಸ್ಸಿನಲ್ಲಿ ದಿನಾ ಕೇಳುತ್ತಿದ್ದ ಹಾಡುಗಳಂತೂ ಬೇಡವೇ ಬೇಡ, ಹಾಡು ಶುರುವಾದರೆ ಬಸ್ಸೇ ನೆನಪಾಗುತ್ತದೆ.

ನಾನು ಅವನು ಇದ್ದ ಕಡೆಯಿಂದಲೇ ಶುರು ಮಾಡಿದೆ. ಮೊದಲು ಶೋಕದ ರಾಗ ಶುಭಪಂತುವರಾಳಿ, ವಿಳಂಬ ಕಾಲದಲ್ಲಿ. ಅಳು ಬಂದರೆ ಬರಲಿ. ಆಮೇಲೆ ನಡಿಗೆಯ ವೇಗದ ಒಂದು ವಚನ. ಕೊನೆಗೆ ಮೋಹನ, ಮಧ್ಯಮ ಕಾಲ, ಅದಕ್ಕಿಂತ ಜೋರಿಲ್ಲ. ಒಟ್ಟು ಇಪ್ಪತ್ತು ನಿಮಿಷ ಇರಬಹುದು. ಮೊದಲು ಕೊನೆಗೆ, ಕಛೇರಿ ಮುಗಿಸುವಾಗ ಹಾಡುವ ಮಧ್ಯಮಾವತಿ ಇಟ್ಟು ನೋಡಿದ್ದೆ. ಕಛೇರಿ ಮುಗಿಯಿತು ಅನ್ನೋ ಹಾಗೆ ಹುಡುಗ ಲ್ಯಾಪ್‌ಟಾಪ್ ಮುಚ್ಚಿ ಮಲಗಿಬಿಟ್ಟ! ಈಗ ಅದು ರಾತ್ರಿಗೆ.

ಬರೀ ಕೇಳಿಸಿದ್ದರೆ ಅರ್ಧ ಕೆಲಸ ಅಷ್ಟೇ. ಹಾಡಿಸಬೇಕು. ಒಂದೂವರೆ ಮನೆ ಶ್ರುತಿ ಇಟ್ಟು, ಬಾಯಿ ಮುಚ್ಚಿ 'ಮ್' ಅಂತ ಷಡ್ಜ ಎಳೆಸುತ್ತಿದ್ದೆ. ಉಸಿರು ನಿಧಾನವಾಗಿ ಹೊರಗೆ ಹೋದಾಗ ಎದೆಬಡಿತ ಇಳಿಯುತ್ತದೆ, ನಮಗೆ ಗೊತ್ತಿರೋದೇ. ಆ ದಿನದ ಮನಸ್ಸಿಗೆ ಅಳತೆಯೂ ಆ ಸ್ವರವೇ. ಏಳೆಂಟು ಸೆಕೆಂಡಿಗೇ ಸ್ವರ ನಡುಗಿ ಮುರಿದರೆ ಆ ದಿನ ಅರ್ಜಿ ಬೇಡ. ಹದಿನೈದರ ಹತ್ತಿರ ನೆಟ್ಟಗೆ ನಿಂತರೆ ಕೂರಿಸಿ. 'ಮಾವ, ಇವತ್ತು ನಿಲ್ತಿಲ್ಲ' ಅಂತ ಅವನೇ ಹೇಳೋಕೆ ಶುರು ಮಾಡಿದ. ಆ ದಿನ ಸುಮ್ನೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಸುತ್ತು.

ದುಡ್ಡಿನ ವಿಷಯ. ನಾಲ್ಕು ಸಾವಿರದ ಹತ್ತಿರ ಕೊಟ್ಟು ತಂದ ಸ್ಪೀಕರ್ ದಂಡ. ಹಗಲು ಹೊತ್ತಲ್ಲಿ ಮನೆಯಲ್ಲಿರುವುದು ಪಕ್ಕದವರಿಗೆ ಗೊತ್ತಾಗುತ್ತದೆ ಅಂತ ಅವನು ಹಾಕುತ್ತಲೇ ಇರಲಿಲ್ಲ. ಮುನ್ನೂರು ಚಿಲ್ಲರೆಯ ವೈರ್ ಇಯರ್‌ಫೋನ್, ಮೊಬೈಲಿನ ಬಿಟ್ಟಿ ತಂಬೂರಿ ಸಾಕು. ರೆಸ್ಯೂಮೆ ಬರೆಯುವಾಗ ಸಾಹಿತ್ಯವಿರುವ ಹಾಡು ಬೇಡ, ಹಾಡಿನ ಮಾತು ಬರವಣಿಗೆಗೆ ಅಡ್ಡ ಬರುತ್ತದೆ. ವೀಣೆ ಹೊಂದಿತು. ನಾದಸ್ವರ ಹಾಕಿದೆ, ಮದುವೆ ಮನೆಯಲ್ಲಿ 'ಈಗೇನ್ ಮಾಡ್ತಿದ್ದೀಯಪ್ಪ' ಅಂತ ಕೇಳುವವರು ನೆನಪಾದರಂತೆ. ತೆಗೆದೆ.

ನಿದ್ದೆಯೇ ಇಲ್ಲ, ಊಟ ಬಿಟ್ಟಿದ್ದಾರೆ, ಸಾಯುವ ಮಾತಾಡುತ್ತಾರೆ ಅಂದರೆ ಹಾಡು ಇಟ್ಟುಕೊಂಡು ಕೂರಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಅವನು ಈಗ ಮಂಡ್ಯದಲ್ಲಿ ಕೆಲಸಕ್ಕೆ ಸೇರಿದ್ದಾನೆ. ಸಂಬಳ ಮೊದಲಿಗಿಂತ ಸ್ವಲ್ಪ ಕಡಿಮೆ. ಸ್ಪೀಕರ್ ದುಡ್ಡು ಇನ್ನೂ ಕೊಟ್ಟಿಲ್ಲ.