ಲೇಟ್ ಫೀ 1.62 ಲಕ್ಷದ ನೋಟಿಸ್ 12,800ಕ್ಕೆ ಇಳಿದದ್ದು ಹೇಗೆ: ನನ್ನ ಅನುಭವ

ಜಿಎಸ್‌ಟಿ ವಾರ್ಷಿಕ ರಿಟರ್ನ್ ತಡವಾಯಿತು ಅಂತ ಲೇಟ್ ಫೀ ನೋಟಿಸ್ ಬಂದರೆ ಕಟ್ಟಿ ಕೈತೊಳೆದುಕೊಳ್ಳಿ, ಅದರಲ್ಲಿ ಹೋರಾಡೋಕೆ ಏನೂ ಇಲ್ಲ ಅಂತ ನಮ್ಮ ಕಡೆಯ ಕನ್ಸಲ್ಟೆಂಟರು ಬಹಳ ಜನ ಹೇಳುತ್ತಾರೆ. ಈ ಕೇಸಿನಲ್ಲೂ ಅದನ್ನೇ ಹೇಳಿದ್ದರು. ಹಾಗಾಗಿಯೇ ಬರೆಯುತ್ತಿದ್ದೇನೆ.

ಪಾರ್ಟಿಯದು ಸಿಮೆಂಟ್, ಕಬ್ಬಿಣ, ಪೈಪಿನ ಅಂಗಡಿ. 2024ರ ಅಕ್ಟೋಬರ್ ಸುಮಾರಿಗೆ DRC-01 ಅನ್ನುವ ಬೇಡಿಕೆ ನೋಟಿಸ್ ಹಿಡಿದುಕೊಂಡು ಬಂದರು. ಎರಡು ವರ್ಷದ GSTR-9, ಅಂದರೆ ವಾರ್ಷಿಕ ರಿಟರ್ನ್, ಹಾಕಿರಲಿಲ್ಲ. 2021-22ಕ್ಕೆ ಸುಮಾರು 1.03 ಲಕ್ಷ, 2022-23ಕ್ಕೆ ಸುಮಾರು 59 ಸಾವಿರ ಕೇಳಿದ್ದರು. ಎರಡಕ್ಕೂ ದಿನಕ್ಕೆ 200ರ ಲೆಕ್ಕ. "ಸರ್, ಹಿಂದಿನ ಅಕೌಂಟೆಂಟ್ ಕಟ್ಟಿಬಿಡಿ ಅಂದ್ರು. ಸೀಸನ್ ಬೇರೆ ಇಲ್ಲ, ಎಲ್ಲಿಂದ ತರಲಿ?" ಅಂದರು.

ಇಂಥ ನೋಟಿಸ್‌ಗಳಿಗೆ ಜನ ಮೊದಲು ಮಾಡುವ ಕೆಲಸ ಅಂದರೆ ಮನವಿ ಪತ್ರ. ಮಾಲೀಕರಿಗೆ ಆಪರೇಷನ್ ಆಗಿತ್ತು, ವ್ಯಾಪಾರ ಬಿದ್ದಿದೆ, ದಯವಿಟ್ಟು ಮನ್ನಾ ಮಾಡಿ ಅಂತ. ಆಸ್ಪತ್ರೆ ಬಿಲ್ಲು ಲಗತ್ತಿಸಿ ಕೊಟ್ಟ ಇಂಥ ಎರಡು ಮೂರು ಪತ್ರ ನನ್ನ ಕಣ್ಣೆದುರೇ ತಿರಸ್ಕೃತವಾಗಿವೆ. ಅಧಿಕಾರಿ ಒಳ್ಳೆಯವರಾ ಕೆಟ್ಟವರಾ ಅನ್ನೋದು ಅಲ್ಲಿ ಪ್ರಶ್ನೆಯೇ ಅಲ್ಲ. ಲೇಟ್ ಫೀ ಮನ್ನಾ ಮಾಡುವ ಅಧಿಕಾರ ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 128ರಲ್ಲಿ ಸರ್ಕಾರಕ್ಕಿದೆ, ಅದೂ ಕೌನ್ಸಿಲ್ ಶಿಫಾರಸಿನ ಮೇಲೆ. ನೋಟಿಸ್ ಕೊಟ್ಟ ಅಧಿಕಾರಿಗೆ ಅದು ಇಲ್ಲ. ಹಾಗಾಗಿ ನಾನು ಕರುಣೆ ಕೇಳೋದನ್ನ ಬಿಟ್ಟಿದ್ದೇನೆ. ಸರ್ಕಾರ ಈಗಾಗಲೇ ಕೊಟ್ಟಿರುವ ರಿಯಾಯಿತಿ ಈ ಪಾರ್ಟಿಗೆ, ಈ ವರ್ಷಕ್ಕೆ ಬರುತ್ತಾ ಅಂತ ಮಾತ್ರ ನೋಡುತ್ತೇನೆ.

2022-23 ಸುಲಭದ್ದು, ಅದನ್ನ ಮೊದಲು ಹೇಳುತ್ತೇನೆ. 2023ರ ಮಾರ್ಚ್ 31ರ ಅಧಿಸೂಚನೆ 07/2023 ಓದಿದವರಿಗೆ ಗೊತ್ತು: 2022-23ರಿಂದ ಮುಂದಕ್ಕೆ, ಒಟ್ಟು ವಹಿವಾಟು 5 ಕೋಟಿವರೆಗೆ ಇದ್ದರೆ ಕೇಂದ್ರದ್ದು 25, ರಾಜ್ಯದ್ದು 25, ಸೇರಿ ದಿನಕ್ಕೆ 50 ರೂಪಾಯಿ. ಮೇಲ್ಮಿತಿ ರಾಜ್ಯದೊಳಗಿನ ವಹಿವಾಟಿನ 0.02 ಪರ್ಸೆಂಟ್ ಕೇಂದ್ರಕ್ಕೆ, 0.02 ರಾಜ್ಯಕ್ಕೆ. 5ರಿಂದ 20 ಕೋಟಿಯವರಿಗೆ ದಿನಕ್ಕೆ 100, ಮಿತಿ ಅದೇ. ನೋಟಿಸ್ ಮಾಡಿದವರು ಹಳೆಯ 200ರ ಟೆಂಪ್ಲೇಟ್ ಹಾಗೇ ಹಾಕಿದ್ದರು. ಈ ಅಂಗಡಿಯ ವಹಿವಾಟು ಆ ವರ್ಷ 3.2 ಕೋಟಿ ಹತ್ತಿರ. ಸುಮಾರು 300 ದಿನ ತಡ, 50ರಂತೆ 15 ಸಾವಿರ. ಆದರೆ ಮಿತಿ 6,400 ಮತ್ತು 6,400, ಅಂದರೆ 12,800. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಕೇಳುವ ಹಾಗಿಲ್ಲ.

ಇಲ್ಲಿ ಒಂದು ಕ್ರಮ ಮುಖ್ಯ. ಉತ್ತರ ಬರೆಯುವ ಮೊದಲೇ ರಿಟರ್ನ್ ಹಾಕಿಸಿ. ಲೇಟ್ ಫೀ ಕ್ಯಾಶ್ ಲೆಡ್ಜರ್‌ನಿಂದಲೇ ಹೋಗಬೇಕು, ಖರೀದಿ ಮೇಲಿನ ತೆರಿಗೆಯ ಕ್ರೆಡಿಟ್, ಅಂದರೆ ಐಟಿಸಿ, ಎಷ್ಟಿದ್ದರೂ ಉಪಯೋಗವಿಲ್ಲ. ಪೋರ್ಟಲ್ ತಾನೇ 12,800 ತೋರಿಸಿತು. ಇಲಾಖೆಯದೇ ಪೋರ್ಟಲ್ ಇಲಾಖೆಯದೇ ನೋಟಿಸಿಗೆ ಉತ್ತರ ಕೊಟ್ಟಂತಾಯಿತು. ಆ ಸ್ಕ್ರೀನಿನ ಪ್ರಿಂಟ್, ರಿಟರ್ನ್ ಹಾಕಿದ್ದಕ್ಕೆ ಸಿಕ್ಕ ಎಆರ್‌ಎನ್ ನಂಬರ್, ಚಲನ್ ಮೂರನ್ನೂ ಉತ್ತರದ ಫಾರ್ಮ್ DRC-06 ಜೊತೆ ಕೊಟ್ಟೆ.

ಕಷ್ಟ ಇದ್ದದ್ದು 2021-22. ಆ ವರ್ಷಕ್ಕೆ ಈ 50 ರೂಪಾಯಿ ದರ ಇಲ್ಲ. ಹಳೆಯ 200, ಮಿತಿ ವಹಿವಾಟಿನ ಅರ್ಧ ಪರ್ಸೆಂಟ್. 2017-18ರಿಂದ 2021-22ರವರೆಗೆ 20 ಸಾವಿರಕ್ಕೆ ನಿಲ್ಲಿಸುವ ಯೋಜನೆ ಅದೇ ಅಧಿಸೂಚನೆಯಲ್ಲಿತ್ತು. ಮೊದಲು ಜೂನ್ 30ರವರೆಗೆ ಅಂದಿದ್ದು, ಆಮೇಲೆ 2023ರ ಆಗಸ್ಟ್ 31ಕ್ಕೆ ಮುಂದೂಡಿದರು. ನಮ್ಮ ಪಾರ್ಟಿ ಬಂದದ್ದು ಅದು ಮುಗಿದು ವರ್ಷದ ಮೇಲೆ. ಬೇರೆಯವರೆಲ್ಲ ಕಟ್ಟಿ ಅಂದದ್ದು ಇದಕ್ಕೇ.

ನಾನು ಹಿಡಿದದ್ದು ವಹಿವಾಟಿನ ಅಂಕಿಯನ್ನ. ನೋಟಿಸ್‌ನಲ್ಲಿ 2.06 ಕೋಟಿ ಅಂತಿತ್ತು. 2 ಕೋಟಿಗೆ ಇಷ್ಟು ಹತ್ತಿರ ಇರುವ ಅಂಕಿ ಕಂಡರೆ ನಾನು ಸುಮ್ನೆ ಬಿಡೋದಿಲ್ಲ. ಯಾಕೆಂದರೆ 2021-22ಕ್ಕೆ 2 ಕೋಟಿವರೆಗಿನವರಿಗೆ ಅಧಿಸೂಚನೆ 10/2022 ಪ್ರಕಾರ ವಾರ್ಷಿಕ ರಿಟರ್ನೇ ಬೇಡ. ರಿಟರ್ನೇ ಬೇಡ ಅಂದಮೇಲೆ ಲೇಟ್ ಫೀ ಎಲ್ಲಿಂದ?

ಹನ್ನೆರಡು ತಿಂಗಳ 3B, ಅಂದರೆ ತಿಂಗಳ ರಿಟರ್ನ್, ತೆಗೆದು ಹರಡಿದೆ. 3.1(d) ಸಾಲಿನಲ್ಲಿ ಪ್ರತಿ ತಿಂಗಳೂ 70-80 ಸಾವಿರ ಇದೆ. ಲಾರಿ ಬಾಡಿಗೆ. ಸಿಮೆಂಟ್, ಕಬ್ಬಿಣ ತರಿಸುವವರು ಸಾಗಣೆ ಏಜೆನ್ಸಿಗೆ ಕೊಟ್ಟ ಬಾಡಿಗೆಗೆ ತಾವೇ ರಿವರ್ಸ್ ಚಾರ್ಜ್‌ನಲ್ಲಿ 5 ಪರ್ಸೆಂಟ್ ಕಟ್ಟುತ್ತಾರೆ ಅಲ್ವಾ, ಅದು. ವರ್ಷಕ್ಕೆ 9 ಲಕ್ಷ ಹತ್ತಿರ ಆಗಿತ್ತು. 3.1ರ ಎಲ್ಲ ಸಾಲನ್ನೂ ಕೂಡಿದರೆ ಸರಿಯಾಗಿ ನೋಟಿಸಿನ 2.06 ಕೋಟಿ ಬರುತ್ತದೆ. ಬಾಡಿಗೆ ತೆಗೆದರೆ 1.97. ಸೆಕ್ಷನ್ 2(6) ಒಟ್ಟು ವಹಿವಾಟಿನಿಂದ ರಿವರ್ಸ್ ಚಾರ್ಜ್ ಖರೀದಿಯನ್ನ ಹೊರಗಿಡುತ್ತದೆ. ಅದು ಖರ್ಚು, ಮಾರಾಟ ಅಲ್ಲ.

ಸೆಕ್ಷನ್ ತೋರಿಸಿದಾಗ ಕಚೇರಿಯಲ್ಲಿ ಒಪ್ಪಲಿಲ್ಲ. ಸಿಸ್ಟಮ್ ತೋರಿಸಿದ್ದೇ ಸರಿ ಅಂದರು. ಆಗ GSTR-9 ಫಾರ್ಮನ್ನೇ ಬಿಡಿಸಿಟ್ಟೆ. ಅದರಲ್ಲಿ ಆ ವರ್ಷಕ್ಕೆ ವಹಿವಾಟು ಬರುವ ಸಾಲು ಹೀಗಿತ್ತು:

```
5N = 4N + 5M - 4G
```

4G ಅಂದರೆ ರಿವರ್ಸ್ ಚಾರ್ಜ್ ಖರೀದಿ. ಫಾರ್ಮೇ ಅದನ್ನ ಕಳೆಯುತ್ತದೆ. ಇದಾದ ಮೇಲೆ ವಾದ ಬೇರೆ ದಾರಿ ಹಿಡಿಯಿತು, ಆ 9 ಲಕ್ಷ ನಿಜವಾಗಿ ಬಾಡಿಗೆಯೇ ಅನ್ನೋದಕ್ಕೆ ಪುರಾವೆ ಕೇಳಿದರು. ಬಾಡಿಗೆ ಬಿಲ್ಲು, ಲೆಡ್ಜರ್, ಮತ್ತು ಆ ತೆರಿಗೆ ನಗದಾಗಿ ಕಟ್ಟಿದ ಕ್ಯಾಶ್ ಲೆಡ್ಜರ್ ಎಂಟ್ರಿಗಳನ್ನ ತಿಂಗಳವಾರು ಜೋಡಿಸಿ ಕೊಟ್ಟೆ. ಆ ಶೀಟನ್ನ ನಾನು ಹೇಗೆ ಕಟ್ಟುತ್ತೇನೆ ಅನ್ನೋದನ್ನ ಇಲ್ಲಿ ಹಾಕುವುದಿಲ್ಲ, ಅದು ನನ್ನ ಹೊಟ್ಟೆಪಾಡು. 2021-22ರ ಬೇಡಿಕೆ ಪೂರ್ತಿ ಕೈಬಿಟ್ಟರು.

ಇದೇ ಲೆಕ್ಕ ಉಲ್ಟಾ ಹೊಡೆಯುವುದೂ ಇದೆ. ಈ ಕೇಸ್ ಗೆದ್ದ ಹುರುಪಿನಲ್ಲಿ ಇನ್ನೂ ಕೆಲವು ಫೈಲ್ ತೆಗೆದು ನೋಡಿದೆ. ಒಬ್ಬರದು ಕರ್ನಾಟಕದಲ್ಲಿ 1.8 ಕೋಟಿ, ಖುಷಿಪಟ್ಟೆವು. ಆದರೆ ಅದೇ ಪ್ಯಾನ್‌ನಲ್ಲಿ ಗೋವಾದಲ್ಲೊಂದು ನೋಂದಣಿ ಇತ್ತು. 2 ಕೋಟಿಯ ಗೆರೆಗೆ ದೇಶದ ಎಲ್ಲ ನೋಂದಣಿಯೂ ಸೇರುತ್ತದೆ, ತೆರಿಗೆ ಇಲ್ಲದ ಮಾಲಿನ ಮಾರಾಟವೂ ಸೇರುತ್ತದೆ. ಅವರಿಗೆ ವಿನಾಯಿತಿ ಬರಲಿಲ್ಲ. ಆದರೆ ಲೇಟ್ ಫೀ ಮಿತಿ ಮಾತ್ರ ಆಯಾ ರಾಜ್ಯದ ವಹಿವಾಟಿನ ಮೇಲೆ. ಇವೆರಡನ್ನ ಬೆರೆಸಿ ಉತ್ತರ ಬರೆದರೆ ಫೈಲ್ ವಾಪಸ್ ಬರುತ್ತದೆ.

ಇನ್ನೊಬ್ಬರದು ಅಕ್ಕಿ ಗಿರಣಿ, 5 ಕೋಟಿ ದಾಟಿತ್ತು. GSTR-9 ಹಾಕಿ, ಅದರ ಜೊತೆ ಕೊಡಬೇಕಾದ ಲೆಕ್ಕ ತಾಳೆಪಟ್ಟಿ 9C ಬಿಟ್ಟಿದ್ದರು. 9C ಇಲ್ಲದಿದ್ದರೆ ರಿಟರ್ನ್ ಪೂರ್ತಿ ಆಗಿಲ್ಲ ಅಂತಲೇ ಲೆಕ್ಕ, ಫೀ ಓಡುತ್ತಲೇ ಇರುತ್ತದೆ. 2017-18ರಿಂದ 2022-23ರವರೆಗೆ ಇಂಥವರು 2025ರ ಮಾರ್ಚ್ 31ರೊಳಗೆ 9C ಹಾಕಿದರೆ, GSTR-9 ಹಾಕಿದ ದಿನದ ನಂತರದ ಫೀ ಮನ್ನಾ ಅಂತ ಅಧಿಸೂಚನೆ 08/2025 ಬಂತು. ಮಾರ್ಚ್ ಕೊನೇ ವಾರದಲ್ಲಿ ಕೂತು ಹಾಕಿಸಿದೆ. ಮೊದಲೇ ಕಟ್ಟಿದವರಿಗೆ ಅದು ವಾಪಸ್ ಸಿಗುವುದಿಲ್ಲ, ಹಾಗಾಗಿ ಅಂಥ ನೋಟಿಸ್ ಬಂದಾಗ ಅವಸರಪಟ್ಟು ಕಟ್ಟಿಸಬೇಡಿ ಅಂತ ನಾನು ಹೇಳುವುದು.

ಸಿಮೆಂಟ್ ಅಂಗಡಿಯವರು ಕೊನೆಗೆ ಕಟ್ಟಿದ್ದು 12,800 ಮತ್ತು ನನ್ನ ಫೀಸು ಹತ್ತಿರ ಹತ್ತಿರ 15 ಸಾವಿರ. ಫೀಸು ಜಾಸ್ತಿ ಆಯ್ತು ಅಂತ ಸ್ವಲ್ಪ ಗೊಣಗಿದರು. ಆಮೇಲೆ ತಮ್ಮ ಬೀದಿಯ ಇನ್ನೂ ಮೂರ್ನಾಲ್ಕು ಅಂಗಡಿಯವರನ್ನ ಅವರೇ ಕಳಿಸಿದರು. ಅದರಲ್ಲಿ ಇಬ್ಬರ ನೋಟಿಸ್‌ನಲ್ಲಿ 2023-24ಕ್ಕೂ ದಿನಕ್ಕೆ 200 ಹಾಕಿದ್ದಾರೆ. ಈ ವಾರ ಅವರ 3B ಇಳಿಸಿಕೊಂಡು ಕೂತಿದ್ದೇನೆ.