150ರೊಳಗೆ ಒಂದು ಬಯೋ: ಸಾಲು ಎಲ್ಲಿ ಮುರಿಯಬೇಕು?

ಮನೆಯಲ್ಲೇ ಚಟ್ನಿಪುಡಿ, ರೊಟ್ಟಿ ಮಾಡಿ ಇನ್‌ಸ್ಟಾಗ್ರಾಮ್‌ನಲ್ಲಿ ಮಾರುವವರ ಪುಟಗಳಲ್ಲಿ ಫೋಟೊಗಳು ಚೆನ್ನಾಗಿರುತ್ತವೆ, ಬಯೋ ಮಾತ್ರ ಒಂದೇ ಉಂಡೆಯಾಗಿ ಬಿದ್ದಿರುತ್ತದೆ. ಅದನ್ನು ಬಿಡಿಸಿ ಬರೆಯಲು ಅರ್ಧ ಗಂಟೆ ಸಾಕು. ಇಂಥ ಪುಟಗಳಲ್ಲಿ ಸಾಮಾನ್ಯವಾಗಿ ಕಾಣುವ ರೀತಿಯ ಒಂದು ಬಯೋ ಇಲ್ಲಿದೆ:

ನಮಸ್ಕಾರ, ನಾವು ಕಳೆದ ಎಂಟು ವರ್ಷಗಳಿಂದ ಧಾರವಾಡದಲ್ಲಿ ಮನೆಯಲ್ಲೇ ಶುಚಿಯಾಗಿ ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ ಹಾಗೂ ಖಡಕ್ ರೊಟ್ಟಿ ತಯಾರಿಸಿ ಕೊರಿಯರ್ ಮೂಲಕ ಕಳುಹಿಸಿಕೊಡುತ್ತೇವೆ

ಓದಿದರೆ ತಪ್ಪೇನೂ ಇಲ್ಲ. ಆದರೆ ಯಾರೂ ಓದುವುದಿಲ್ಲ, ಓದಲು ಹೊರಟರೂ ಇದು ಬಯೋದ ಜಾಗದಲ್ಲಿ ಪೂರ್ತಿ ಹಿಡಿಯುವುದಿಲ್ಲ.

ಹಂತ 1: ಮೊದಲು ಅಳತೆ ತಿಳಿದುಕೊಳ್ಳಿ

ಇನ್‌ಸ್ಟಾಗ್ರಾಮ್ ಬಯೋಗೆ ಮಿತಿ 150. ಆದರೆ ಫೋನ್ ಎಣಿಸುವುದು ನಾವು ಬಾಯಲ್ಲಿ ಹೇಳುವ ಅಕ್ಷರಗಳನ್ನಲ್ಲ. ‘ರೊಟ್ಟಿ’ ನಮಗೆ ಎರಡೇ ಅಕ್ಷರ. ಫೋನಿಗೆ ಅದು ಆರು: ರ, ಒತ್ವ, ಟ, ಹಲಂತ, ಮತ್ತೊಂದು ಟ, ಗುಡಿಸು. ಪದದ ಕೊನೆಗೆ ಹೋಗಿ ಒಂದೊಂದಾಗಿ ಅಳಿಸುತ್ತ ಬನ್ನಿ. ಹೆಚ್ಚಿನ ಕನ್ನಡ ಕೀಬೋರ್ಡ್‌ಗಳಲ್ಲಿ ಮೊದಲು ಗುಡಿಸು ಹೋಗುತ್ತದೆ, ಆಮೇಲೆ ಒತ್ತು, ಹೀಗೆ ತುಂಡು ತುಂಡಾಗಿ ಕಳಚುವುದು ಕಣ್ಣಿಗೇ ಕಾಣುತ್ತದೆ.

ಮೇಲಿನ ಬಯೋದಲ್ಲಿ ನಮ್ಮ ಲೆಕ್ಕಕ್ಕೆ 69 ಅಕ್ಷರಗಳಿವೆ. ಫೋನಿನ ಲೆಕ್ಕದಲ್ಲಿ ಸ್ಪೇಸ್, ಅಲ್ಪವಿರಾಮ ಸೇರಿ 155. ಅಂದರೆ ‘ಕಳುಹಿಸಿಕೊಡುತ’ ಎಂಬಲ್ಲಿಗೇ ಜಾಗ ಮುಗಿಯಿತು. ಕನ್ನಡದಲ್ಲಿ ಬರೆಯುವವರು ತಮಗಿರುವುದು ಸುಮಾರು 70 ಅಕ್ಷರ ಎಂದುಕೊಂಡೇ ಕೂರಬೇಕು. ಸಂಖ್ಯೆಗಳನ್ನು ಅಂಕಿಯಲ್ಲೇ ಬರೆಯಿರಿ: ‘ಎಂಟು’ ನಾಲ್ಕು ಜಾಗ ತಿಂದರೆ 8 ಒಂದೇ ತಿನ್ನುತ್ತದೆ, ಕಣ್ಣಿಗೂ ಬೇಗ ಬೀಳುತ್ತದೆ.

ಹಂತ 2: ಬೇಡದ್ದನ್ನು ತೆಗೆಯಿರಿ

‘ನಮಸ್ಕಾರ’, ‘ನಾವು’, ‘ಕಳೆದ’, ‘ಹಾಗೂ’, ‘ಮೂಲಕ’ ಹೋಗಲಿ. ‘ಶುಚಿಯಾಗಿ’ ಕೂಡ ಹೋಗಲಿ. ಎಲ್ಲರೂ ಬರೆಯುವ ಮಾತನ್ನು ಗಿರಾಕಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬಿಸಿನೆಸ್ ಖಾತೆಯಾದರೆ ವ್ಯಾಪಾರದ ಬಗೆ, ಫೋನ್ ನಂಬರು, ವಿಳಾಸ ಮತ್ತು ಲಿಂಕ್‌ಗೆ ಬೇರೆಯೇ ಜಾಗ ಇದೆ, ಅದು 150ರ ಲೆಕ್ಕಕ್ಕೆ ಬರುವುದಿಲ್ಲ. ಬಯೋದ ಒಳಗೇ ಲಿಂಕ್ ಅಂಟಿಸಿದರೆ ಅದನ್ನು ಒತ್ತಿ ತೆರೆಯಲಿಕ್ಕೂ ಆಗುವುದಿಲ್ಲ.

ಹಂತ 3: ಸಾಲು ಮುರಿಯುವುದು

ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲೇ. ಉಂಡೆಯಾದ ಬರಹವನ್ನು ಜನ ಯಾಕೆ ದಾಟಿ ಹೋಗುತ್ತಾರೆ ಎಂದು ತಿಳಿದರೆ ಎಲ್ಲಿ ಮುರಿಯಬೇಕೆಂಬುದೂ ತಿಳಿಯುತ್ತದೆ.

ಜನ ವೆಬ್‌ಪುಟಗಳನ್ನು ಹೇಗೆ ಬಳಸುತ್ತಾರೆ ಎಂದು ಅಧ್ಯಯನ ಮಾಡುವ ಯಾಕೋಬ್ ನೀಲ್ಸನ್ 2006ರಲ್ಲಿ 232 ಜನರ ಕಣ್ಣಿನ ಚಲನೆಯನ್ನು ದಾಖಲಿಸಿ, ವೆಬ್‌ಪುಟವನ್ನು ಜನ ಇಂಗ್ಲಿಷಿನ F ಅಕ್ಷರದ ಆಕಾರದಲ್ಲಿ ನೋಡುತ್ತಾರೆ ಎಂದು ಬರೆದರು. ಮೊದಲ ಸಾಲನ್ನು ಅಡ್ಡಕ್ಕೆ ಓದುತ್ತಾರೆ, ಸ್ವಲ್ಪ ಕೆಳಗೆ ಇನ್ನೊಂದನ್ನು ಅರ್ಧ ಓದುತ್ತಾರೆ, ಆಮೇಲೆ ಕಣ್ಣು ಎಡ ಅಂಚಿನಲ್ಲೇ ಕೆಳಗೆ ಜಾರುತ್ತದೆ. ಅಂದರೆ ಸಾಲಿನ ಮೊದಲ ಒಂದೆರಡು ಪದಗಳಿಗಷ್ಟೇ ಗಮನ ಸಿಗುತ್ತದೆ. ಉಂಡೆ ಬರಹದಲ್ಲಿ ಎಡ ಅಂಚಿಗೆ ಯಾವ ಪದ ಬರುತ್ತದೆ ಎಂಬುದನ್ನು ತೀರ್ಮಾನಿಸುವುದು ಪರದೆಯ ಅಗಲ, ನೀವಲ್ಲ. ‘ಹಾಗೂ’ ಬಂದು ಕೂತರೂ ಕೂತಿತು.

ಕನ್ನಡಕ್ಕೆ ಇನ್ನೂ ಎರಡು ತೊಡಕುಗಳಿವೆ. ಒಂದು, ನಮ್ಮ ವಾಕ್ಯದಲ್ಲಿ ಮುಖ್ಯ ಸಂಗತಿ ಕ್ರಿಯಾಪದದ ಜೊತೆ ಕೊನೆಗೆ ಬರುತ್ತದೆ. ‘ನಾವು’ ಎಂದು ಶುರುವಾದ ವಾಕ್ಯ ‘ಕಳುಹಿಸಿಕೊಡುತ್ತೇವೆ’ ಎಂದು ಮುಗಿಯುವವರೆಗೆ ಕೊರಿಯರ್ ಇದೆಯೋ ಅಂಗಡಿಗೇ ಬರಬೇಕೋ ಗೊತ್ತಾಗುವುದಿಲ್ಲ. ಎರಡು, ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಇಲ್ಲ. ಇಂಗ್ಲಿಷ್ ಪ್ಯಾರಾದ ನಡುವೆ ಊರಿನ ಹೆಸರು ದೊಡ್ಡಕ್ಷರದಿಂದ ತಲೆ ಎತ್ತುತ್ತದೆ. ಕನ್ನಡದಲ್ಲಿ ‘ಧಾರವಾಡ’ ಅಕ್ಕಪಕ್ಕದ ಪದಗಳ ಹಾಗೇ ಕಾಣುತ್ತದೆ. ಅದನ್ನು ಎತ್ತಿ ತೋರಿಸಲು ನಮಗಿರುವ ದಾರಿ ಸಾಲಿನ ಮೊದಲ ಜಾಗ.

ಆದ್ದರಿಂದ ಕ್ರಿಯಾಪದವನ್ನು ಆದಷ್ಟು ಬಿಟ್ಟು, ನಾಮಪದದಿಂದ ಸಾಲು ಶುರುಮಾಡಿ. ಮೇಲಿನ ಬಯೋ ಹೀಗಾಗುತ್ತದೆ:

ಶೇಂಗಾ, ಗುರೆಳ್ಳು ಚಟ್ನಿಪುಡಿ
ಖಡಕ್ ರೊಟ್ಟಿ
ಧಾರವಾಡದ ಮನೆ ಅಡುಗೆ, 8 ವರ್ಷದಿಂದ
ಆರ್ಡರ್: ಮೆಸೇಜ್ ಮಾಡಿ, ಕೊರಿಯರ್ ಇದೆ

ಎಡ ಅಂಚನ್ನಷ್ಟೇ ಮೇಲಿಂದ ಕೆಳಗೆ ಓದಿ: ಶೇಂಗಾ, ಖಡಕ್, ಧಾರವಾಡ, ಆರ್ಡರ್. ಅಷ್ಟರಲ್ಲೇ ವಿಷಯ ತಿಳಿಯಿತು. ಎಣಿಸಿದರೆ ಮೂರು ಎಂಟರ್ ಸೇರಿ ಸರಿಯಾಗಿ 100. ಎಂಟರ್ ಕೂಡ ಒಂದು ಜಾಗ ತಿನ್ನುತ್ತದೆ, ನೆನಪಿರಲಿ. ಉಳಿದ 50 ತುಂಬಿಸಲೇಬೇಕೆಂದಿಲ್ಲ, ಖಾಲಿ ಬಿಡಿ.

ಪ್ರತಿ ಸಾಲೂ ತನ್ನಷ್ಟಕ್ಕೆ ಪೂರ್ತಿಯಾಗಿರಬೇಕು. ಒಂದು ವಾಕ್ಯವನ್ನು ಕವಿತೆಯ ಹಾಗೆ ನಡುವೆ ಎಂಟರ್ ಒತ್ತಿ ಮುರಿಯಬೇಡಿ. ನಿಮ್ಮ ಫೋನಿನಲ್ಲಿ ಅದು ಅಂದವಾಗಿ ಕೂತಿರುತ್ತದೆ. ಅಕ್ಷರದ ಗಾತ್ರ ದೊಡ್ಡದು ಮಾಡಿಕೊಂಡವರ ಫೋನಿನಲ್ಲಿ ಸಾಲು ತಾನೂ ಮಡಚಿಕೊಳ್ಳುತ್ತದೆ, ನೀವು ಹಾಕಿದ ಎಂಟರ್ ಕೂಡ ಇರುತ್ತದೆ. ಒಂದು ಉದ್ದ ಸಾಲು, ಕೆಳಗೆ ಒಂಟಿ ಪದ, ಮತ್ತೆ ಉದ್ದ ಸಾಲು, ಹೀಗೆ ಹಲ್ಲುದುರಿದಂತೆ ಕಾಣುತ್ತದೆ. ಚಟ್ನಿಪುಡಿ ಕೊಳ್ಳುವವರಲ್ಲಿ ದೊಡ್ಡ ಅಕ್ಷರ ಇಟ್ಟುಕೊಂಡ ಹಿರಿಯರೂ ಇರುತ್ತಾರೆ.

ನಡುವೆ ಖಾಲಿ ಸಾಲು ಬಿಡುವುದು ನನಗೆ ಒಪ್ಪಿಗೆಯಿಲ್ಲ. ಬಯೋ ಉದ್ದವಾದರೆ ಆ್ಯಪ್ ಉಳಿದದ್ದನ್ನು `more` ಎಂಬುದರ ಹಿಂದೆ ಮಡಚಿಡುತ್ತದೆ, ಖಾಲಿ ಸಾಲೂ ಆ ಲೆಕ್ಕಕ್ಕೆ ಸೇರುತ್ತದೆ. ಹಾಗೆ ಮಡಚಿ ಹೋಗುವುದು ಕೊನೆಯ ಸಾಲು, ಅಂದರೆ ಆರ್ಡರ್ ಕೊಡುವ ದಾರಿ. ಖಾಲಿ ಜಾಗ ಮೂಡಿಸಲು ಕಾಣದ ಅಕ್ಷರಗಳನ್ನು ಕಾಪಿ ಮಾಡಿಕೊಡುವ ಜಾಲತಾಣಗಳಿವೆ, ಅವು ಬೇಡವೇ ಬೇಡ. ಆ ಅಕ್ಷರಗಳೂ 150ರಲ್ಲಿ ಪಾಲು ಕೇಳುತ್ತವೆ.

ಹಂತ 4: ಪಟ್ಟಿ

ಪದಾರ್ಥಗಳು ಮೂರಕ್ಕಿಂತ ಹೆಚ್ಚಿದ್ದರೆ ಬೇಗ ಖರ್ಚಾಗುವ ಮೂರನ್ನಷ್ಟೇ ಹಾಕಿ, ಉಳಿದವು ಪೋಸ್ಟ್‌ಗಳಲ್ಲಿರಲಿ. ಒಂದೇ ಜಾತಿಯ ಎರಡನ್ನು ಮೇಲಿನ ಹಾಗೆ ಒಂದೇ ಸಾಲಿಗೆ ಕಟ್ಟಬಹುದು, ‘ಚಟ್ನಿಪುಡಿ’ ಎರಡು ಸಲ ಬರೆಯುವುದು ತಪ್ಪುತ್ತದೆ. ಸಾಲುಗಳು ಬೇರೆಯಾದ ಮೇಲೆ ಮುಂದೆ ಚುಕ್ಕಿ ಬೇಕಿಲ್ಲ. ಪ್ರತಿ ಸಾಲಿಗೂ ಎಮೋಜಿ ಅಂಟಿಸುವುದಂತೂ ಬೇಡ: ದೃಷ್ಟಿ ಇಲ್ಲದವರ ಫೋನು ಪರದೆಯನ್ನು ಗಟ್ಟಿಯಾಗಿ ಓದುವಾಗ ಒಂದೊಂದು ಎಮೋಜಿಯ ಹೆಸರನ್ನೂ ಹೇಳುತ್ತ ಹೋಗುತ್ತದೆ. ಬೇಕೇ ಬೇಕೆಂದರೆ ಒಂದು, ಅದೂ ಸಾಲಿನ ಕೊನೆಗೆ.

ಇಂಗ್ಲಿಷ್ ಹೆಸರನ್ನು ದಪ್ಪ ಅಥವಾ ಓರೆ ಅಕ್ಷರವಾಗಿಸುವ ‘ಸ್ಟೈಲಿಶ್ ಫಾಂಟ್’ ಸಾಧನಗಳ ಬಗ್ಗೆಯೂ ಎಚ್ಚರ. ಅವು ಕೊಡುವುದು ಫಾಂಟ್ ಅಲ್ಲ, ಗಣಿತಕ್ಕಾಗಿ ಇಟ್ಟ ಬೇರೆ ಚಿಹ್ನೆಗಳು. ಹಳೆಯ ಫೋನಿನಲ್ಲಿ ಬರೀ ಚೌಕಗಳಾಗಿ ಕಾಣಬಹುದು. ಕನ್ನಡಕ್ಕೆ ಅಂಥ ಚಿಹ್ನೆಗಳೇ ಇಲ್ಲ, ಹಾಗಾಗಿ ಅರ್ಧ ಬಯೋ ಒಂದು ಥರ, ಇನ್ನರ್ಧ ಇನ್ನೊಂದು ಥರ ಆಗುತ್ತದೆ.

ಹಂತ 5: ಅಂಟಿಸಿ ನೋಡಿ

ಫೋನಿನ ನೋಟ್ಸ್‌ನಲ್ಲಿ ಬರೆದು, ಸಾಲಿನ ಕೊನೆಯಲ್ಲಿ ಉಳಿದ ಸ್ಪೇಸ್ ಅಳಿಸಿ, `Edit profile` ಒಳಗಿನ `Bio` ಜಾಗಕ್ಕೆ ಅಂಟಿಸಿ ಸೇವ್ ಮಾಡಿ. ಆಮೇಲೆ ನಿಮ್ಮದಲ್ಲದ ಫೋನಿನಲ್ಲಿ, ನಿಮ್ಮದಲ್ಲದ ಖಾತೆಯಿಂದ ಪುಟ ತೆರೆಯಿರಿ. ಅದೇ ಫೋನಿನಲ್ಲಿ ಅಕ್ಷರದ ಗಾತ್ರವನ್ನು ಒಂದು ಮೆಟ್ಟಿಲು ಏರಿಸಿ ಮತ್ತೆ ನೋಡಿ. ಕೊನೆಯ ಸಾಲು `more` ಹಿಂದೆ ಹೋಗಿದ್ದರೆ ಅದನ್ನು ಎರಡನೆಯ ಸಾಲಿಗೆ ತಂದು, ‘8 ವರ್ಷದಿಂದ’ ಇರುವ ಸಾಲನ್ನು ಕೆಳಗಿಡಿ. ಆ ಸಾಲು ಮರೆಯಾದರೂ ಆರ್ಡರ್ ನಿಲ್ಲುವುದಿಲ್ಲ.