ಶ್ರಾವಣ ಸೋಮವಾರದ ಡಬ್ಬಿ: ಸಾಬಕ್ಕಿ ಬಿಟ್ಟು ಊದಲಿಗೆ ಬಂದ ನನ್ನ ಅನುಭವ

ದಾವಣಗೆರೆಯಲ್ಲಿ ನಾನು ಮನೆಯಿಂದಲೇ ಊಟದ ಡಬ್ಬಿ ಕಳುಹಿಸುತ್ತೇನೆ. ಮಂಡಿಪೇಟೆಯ ಬಟ್ಟೆ ಅಂಗಡಿಗಳಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು ಮತ್ತು ಒಂದಿಬ್ಬರು ನರ್ಸ್‌ಗಳು ನನ್ನ ಖಾಯಂ ಗಿರಾಕಿಗಳು. ಶ್ರಾವಣ ಬಂತೆಂದರೆ ಸೋಮವಾರ ಇವರಲ್ಲಿ ಮುಕ್ಕಾಲು ಪಾಲು ಜನ ಅನ್ನ, ರೊಟ್ಟಿ, ಚಪಾತಿ ಮುಟ್ಟುವುದಿಲ್ಲ. ರಾತ್ರಿ ಪೂಜೆ ಮುಗಿದ ಮೇಲೆಯೇ ಊಟ. ಆದರೆ ಅಂಗಡಿಯಲ್ಲಿ ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟೂವರೆಯವರೆಗೆ ನಿಂತೇ ಇರಬೇಕು. ಇವರಿಗಾಗಿ ಉಪವಾಸದ ಡಬ್ಬಿ ಮಾಡುತ್ತೇನೆ ಎಂದಾಗ ಪಕ್ಕದ ಬೀದಿಯಲ್ಲಿ ಮೆಸ್ ನಡೆಸುವವರು, "ಎರಡು ಬಾಳೆಹಣ್ಣು, ಒಂದು ಲೋಟ ಹಾಲು ಕೊಟ್ಟರೆ ಸಾಕು, ಅದಕ್ಕೆ ಯಾರು ದುಡ್ಡು ಕೊಡುತ್ತಾರೆ" ಎಂದಿದ್ದರು. ನಮ್ಮ ಅತ್ತೆಯವರದ್ದು ಬೇರೆಯೇ ಆಕ್ಷೇಪ: "ಹೊಟ್ಟೆ ತುಂಬಿದ ಮೇಲೆ ಅದೆಂಥ ಉಪವಾಸ?" ಕಳೆದ ಶ್ರಾವಣದ ಕೊನೆಯ ಸೋಮವಾರ ಅದೇ ಮೆಸ್‌ನವರು ನನ್ನಿಂದ ಹತ್ತು ಡಬ್ಬಿ ತರಿಸಿಕೊಂಡರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

2024ರ ಶ್ರಾವಣದಲ್ಲಿ ಐದು ಸೋಮವಾರಗಳು ಬಂದಿದ್ದವು. ಮೊದಲನೆಯದಕ್ಕೆ ಎಲ್ಲರೂ ಮಾಡುವುದನ್ನೇ ಮಾಡಿದೆ, ಸಾಬಕ್ಕಿ ಖಿಚಡಿ. ಒಬ್ಬರಿಗೆ 80 ಗ್ರಾಂ ಸಾಬಕ್ಕಿ, ಒಂದು ಆಲೂಗಡ್ಡೆ, ಒಂದು ಹಿಡಿ ಶೇಂಗಾ ಪುಡಿ. ಹದದಲ್ಲಿ ನಾನು ಸೋಲಲಿಲ್ಲ, ಒಂದೊಂದು ಕಾಳೂ ಬಿಡಿಬಿಡಿಯಾಗಿ ಮುತ್ತಿನ ಹಾಗೆ ಬಂದಿತ್ತು. ಮೂವತ್ತು ಡಬ್ಬಿಗಳೂ ಖಾಲಿಯಾಗಿ ವಾಪಸ್ ಬಂದವು. ಸಂಜೆ ನಾಲ್ಕಕ್ಕೆ ನಾಲ್ಕೈದು ಜನರಿಗೆ ಫೋನ್ ಮಾಡಿ ಯಾವಾಗ ಹಸಿವಾಯಿತು ಎಂದು ಕೇಳಿದೆ. ಒಂದು ಗಂಟೆಗೆ ತಿಂದವರಿಗೆ ಮೂರಕ್ಕೆಲ್ಲ ಹಸಿವು. ಒಬ್ಬ ಹುಡುಗಿ ಸೀರೆ ಮಡಿಸುತ್ತಿದ್ದವಳು ಕೈ ನಡುಗುತ್ತಿದೆ ಎಂದು ಕುಳಿತುಬಿಟ್ಟಿದ್ದಳು. ಸಾಬಕ್ಕಿ ಎಂದರೆ ಮರಗೆಣಸಿನ ಹಿಟ್ಟನ್ನು ತೊಳೆದು ತೊಳೆದು ಉಳಿಸಿಕೊಂಡ ಬರೀ ಗಂಜಿಯ ಅಂಶ. ಅದರಲ್ಲಿ ಪ್ರೋಟೀನೂ ಇಲ್ಲ, ನಾರೂ ಇಲ್ಲ. ಆ ಡಬ್ಬಿಯಲ್ಲಿದ್ದ ಅಷ್ಟಿಷ್ಟು ಪ್ರೋಟೀನ್ ಶೇಂಗಾ ಪುಡಿ, ಆಲೂಗಡ್ಡೆಗಳದ್ದು, ಎಲ್ಲ ಸೇರಿ ಐದಾರು ಗ್ರಾಂ ಆಗಿದ್ದರೆ ಹೆಚ್ಚು.

ಹಾಗಾದರೆ ಶೇಂಗಾ ಹೆಚ್ಚಿಸಿದರಾಯಿತು ಎಂದುಕೊಂಡೆ. ನಮ್ಮ ಕಡೆ ಶೇಂಗಾಕ್ಕೆ ಬರವೇ, ಚಳ್ಳಕೆರೆಯ ಕಾಯಿ ಪೇಟೆಗೆ ಬಂದೇ ಬರುತ್ತದೆ. ಎರಡನೆಯ ಸೋಮವಾರ ಬೀಜವನ್ನು ಎಣ್ಣೆಯಲ್ಲಿ ಹುರಿದು, ಉಪ್ಪು ಖಾರ ಹಚ್ಚಿ, ಖಿಚಡಿಯ ಜೊತೆಗೆ ಬೇರೆಯಾಗಿ 50 ಗ್ರಾಂ ಕೊಟ್ಟೆ. ಹಸಿವೇನೋ ನಿಂತಿತು, ಆದರೆ ಬಾಯಾರಿಕೆ, ಎದೆಯುರಿ, ಹುಳಿತೇಗು ಶುರುವಾದವು. ಬೆಳಿಗ್ಗೆಯಿಂದ ಖಾಲಿಯಿದ್ದ ಹೊಟ್ಟೆಗೆ ಎಣ್ಣೆಯಲ್ಲಿ ಹುರಿದ ಬೀಜ ಬಿದ್ದರೆ ಇನ್ನೇನಾಗುತ್ತದೆ! ಎಂಟು ಜನ ಮುಂದಿನ ವಾರ ಬೇಡ ಎಂದರು.

ಮೂರನೆಯ ವಾರ ಊದಲು ತಂದೆ. ಅತ್ತೆಯವರು, "ಇದೂ ಧಾನ್ಯವೇ ಅಲ್ಲವೇ?" ಎಂದು ತಡೆದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಊದಲು ಹುಲ್ಲಿನ ಜಾತಿಯದೇ ಕಾಳು. ಮಹಾರಾಷ್ಟ್ರದ ಕಡೆ ವರಿ ಎಂದು ಉಪವಾಸಕ್ಕೆ ಒಪ್ಪುತ್ತಾರೆ, ಉತ್ತರದವರೂ ಒಪ್ಪುತ್ತಾರೆ, ನಮ್ಮಲ್ಲಿ ಮನೆಗೊಂದು ಪದ್ಧತಿ. ಹಾಗಾಗಿ ನಾನು ಪ್ರತಿಯೊಬ್ಬರನ್ನೂ ಮೊದಲೇ ಕೇಳಿ ಬರೆದುಕೊಂಡೆ: ಸೋಮವಾರಕ್ಕೆ ಊದಲು ನಡೆಯುತ್ತದೆಯೇ, ಸೌತೆಕಾಯಿ ನಡೆಯುತ್ತದೆಯೇ, ಕೊತ್ತಂಬರಿ ಸೊಪ್ಪು ನಡೆಯುತ್ತದೆಯೇ. ಐದು ಮನೆಯವರು ಊದಲು ಬೇಡವೆಂದರು, ಉಳಿದವರು ಒಪ್ಪಿದರು. ಈ ಪಟ್ಟಿ ಇಲ್ಲದೆ ಯಾರೂ ಉಪವಾಸದ ಡಬ್ಬಿಗೆ ಕೈ ಹಾಕಬಾರದು.

ಆ ವಾರ ಊದಲನ್ನು ಉಪ್ಪಿಟ್ಟಿನ ಹಾಗೆ ಉದುರುದುರಾಗಿ ಮಾಡಿದೆ. ಏಳು ಗಂಟೆಗೆ ಘಮಘಮ ಎನ್ನುತ್ತಿತ್ತು. ಒಂದು ಗಂಟೆಗೆ ನಾನೇ ಒಂದು ಡಬ್ಬಿ ತೆರೆದು ನೋಡಿದರೆ ಡಬ್ಬಿಯ ಆಕಾರದಲ್ಲೇ ಹೆಂಟೆಯಾಗಿ ಕುಳಿತಿತ್ತು. ಚಮಚ ಚುಚ್ಚಿದರೆ ಹೆಂಟೆಯೇ ಇಡಿಯಾಗಿ ಮೇಲೆದ್ದಿತು. ಬೇಯಿಸಿದ ಊದಲು ಆರಿದಂತೆ ಬಿಗಿಯುತ್ತದೆ, ಅಕ್ಕಿಗಿಂತ ಬೇಗ. ಇಪ್ಪತ್ತೆರಡು ಡಬ್ಬಿಗಳಲ್ಲಿ ಹದಿನೈದು ಅರ್ಧ ಉಳಿದು ಬಂದವು. ನಾನು ಯಾರ ಹತ್ತಿರವೂ ಹಣ ತೆಗೆದುಕೊಳ್ಳಲಿಲ್ಲ. ಆ ಒಂದೇ ದಿನ ಸುಮಾರು 900 ರೂಪಾಯಿ ಕೈಬಿಟ್ಟಿತು. ನಾಲ್ಕನೆಯ ವಾರ ಹೆದರಿ ಗಂಜಿ ಮಾಡಿದೆ, ಅದರಲ್ಲಿ ಅರ್ಧ ದಾರಿಯಲ್ಲೇ ಚೆಲ್ಲಿತು.

ದಾರಿ ಹೊಳೆದದ್ದು ನಮ್ಮ ತಾಯಿ ರೈಲಿನ ಪ್ರಯಾಣಕ್ಕೆ ಕಟ್ಟುತ್ತಿದ್ದ ಮೊಸರನ್ನದಿಂದ. ಅವರು ಮೊಸರು ಕಲಸುತ್ತಿರಲಿಲ್ಲ. ಮೆತ್ತಗೆ ಬೆಂದ ಅನ್ನಕ್ಕೆ ಹಾಲು ಹೊಯ್ದು, ಒಂದೇ ಚಮಚ ಮೊಸರು ಹಾಕಿ ಕಟ್ಟುತ್ತಿದ್ದರು. ಮಧ್ಯಾಹ್ನ ಬಿಚ್ಚುವ ಹೊತ್ತಿಗೆ ಡಬ್ಬಿಯೊಳಗೇ ಹೆಪ್ಪಾಗಿ ಹುಳಿಯಿಲ್ಲದ ಮೊಸರನ್ನವಾಗಿರುತ್ತಿತ್ತು. ಅನ್ನದ ಜಾಗಕ್ಕೆ ಊದಲು ಹಾಕಿದೆ, ಅಷ್ಟೇ. ಐದನೆಯ ಸೋಮವಾರ ಹನ್ನೆರಡೇ ಡಬ್ಬಿ ಮಾಡಿದೆ. ಸಂಜೆ ಫೋನ್ ಮಾಡಿದಾಗ ಹನ್ನೆರಡರಲ್ಲಿ ಹತ್ತು ಜನ, ಆರೂವರೆ ಏಳರವರೆಗೆ ಹಸಿವಿನ ನೆನಪಾಗಲಿಲ್ಲ ಎಂದರು.

ಒಬ್ಬರಿಗೆ ಲೆಕ್ಕ ಹೇಳುತ್ತೇನೆ. 50 ಗ್ರಾಂ ಊದಲನ್ನು ಬರಿ ಬಾಣಲೆಯಲ್ಲಿ ಕೈ ಸುಡುವಷ್ಟು ಬಿಸಿ ಮಾಡಿ, ತೊಳೆದು, ನಾಲ್ಕರಷ್ಟು ನೀರಿನಲ್ಲಿ ಬೇಯಿಸುತ್ತೇನೆ. ಉದುರಾಗಲು ಎರಡೂವರೆ ಪಾಲು ನೀರು ಸಾಕು, ಇಲ್ಲಿ ಅದು ಬೇಡ. ಬಿಸಿಯಿದ್ದಾಗಲೇ ಸೌಟಿನ ಹಿಂಬದಿಯಿಂದ ಚೆನ್ನಾಗಿ ಮಸೆಯಬೇಕು. ಬೆರಳು ಅದ್ದಿ ತಡೆಯುವಷ್ಟು ಆರಿದ ಮೇಲೆ, ಕಾಯಿಸಿ ಅದೇ ಹದಕ್ಕೆ ಆರಿಸಿದ 150 ಮಿಲಿ ಹಾಲು, ಒಂದು ಚಮಚ ಮೊಸರು, ಸೈಂಧವ ಲವಣ. ಬಿಸಿ ಹೆಚ್ಚಿದ್ದಾಗ ಮೊಸರು ಬಿದ್ದರೆ ಹೆಪ್ಪು ಸತ್ತು ಹೋಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಅದು ಹಾಲನ್ನವಾಗಿಯೇ ಉಳಿದಿರುತ್ತದೆ, ಒಮ್ಮೊಮ್ಮೆ ಕೆಟ್ಟ ವಾಸನೆಯೂ ಬರುತ್ತದೆ. ಡಬ್ಬಿಗೆ ತುಂಬುವಾಗ ಮಿಶ್ರಣ ದೋಸೆ ಹಿಟ್ಟಿಗಿಂತ ತೆಳ್ಳಗಿರಬೇಕು. ಇಷ್ಟು ನೀರಾಯಿತೇ ಎಂದು ಭಯವಾಗುತ್ತದೆ, ಭಯಪಡಬೇಡಿ, ಊದಲು ಎಲ್ಲವನ್ನೂ ಹೀರುತ್ತದೆ. ನನ್ನ ಕೆಲಸ ಐದೂವರೆಗೆ ಶುರು, ಎಂಟಕ್ಕೆ ಮುಚ್ಚಳ ಹಾಕುತ್ತೇನೆ, ಒಂದು ಗಂಟೆಗೆ ಸರಿಯಾಗಿ ಹೆಪ್ಪಾಗಿರುತ್ತದೆ. ಇದು ಮಳೆಗಾಲದ ಲೆಕ್ಕ. ಶಿವರಾತ್ರಿಯ ಹೊತ್ತಿಗೆ ನಮ್ಮೂರ ಬಿಸಿಲು ಏರಿರುತ್ತದೆ, ಆಗ ಮೊಸರು ಅರ್ಧ ಚಮಚಕ್ಕೆ ಇಳಿಸಬೇಕು.

ಒಗ್ಗರಣೆಗೆ ತುಪ್ಪ, ಜೀರಿಗೆ, ಹಸಿಮೆಣಸಿನಕಾಯಿ, ಶುಂಠಿ. ಇನ್ನೊಂದು ವಸ್ತುವೂ ಬೀಳುತ್ತದೆ. ಅದು ಉಪವಾಸಕ್ಕೆ ನಿಷಿದ್ಧವಲ್ಲ, ಆದರೆ ಹೆಸರು ಮಾತ್ರ ಇಲ್ಲಿ ಹೇಳುವುದಿಲ್ಲ, ನನ್ನ ಡಬ್ಬಿಯ ಗುರುತೇ ಆ ವಾಸನೆ. ಇಂಗು ಹಾಕುವುದಿಲ್ಲ. ಅಂಗಡಿಯ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟನ್ನೋ ಮೈದಾವನ್ನೋ ಬೆರೆಸಿರುತ್ತಾರೆ, ಡಬ್ಬದ ಹಿಂಬದಿ ಓದಿ ನೋಡಿ. ಧಾನ್ಯ ಬಿಟ್ಟವರಿಗೆ ನಾವೇ ಕೈಯಾರೆ ಧಾನ್ಯ ಹಾಕಿದಂತಾಗುತ್ತದೆ.

ಶೇಂಗಾ ಬಿಡಲಿಲ್ಲ, ಹುರಿಯುವುದನ್ನು ಬಿಟ್ಟೆ. 30 ಗ್ರಾಂ ಬೀಜ ರಾತ್ರಿ ನೆನೆಸಿ, ಬೆಳಿಗ್ಗೆ ಕುಕ್ಕರಿನಲ್ಲಿ ಎರಡು ಸೀಟಿ. ನೀರು ಕುಡಿದು ಉಬ್ಬಿದ ಬೀಜ ಬಾಯಾರಿಕೆ ತರುವುದಿಲ್ಲ, ಅಗಿದು ತಿನ್ನಬೇಕಾದ್ದರಿಂದ ಊಟವೂ ನಿಧಾನವಾಗುತ್ತದೆ. ಬೆಂದ ಬೀಜವನ್ನು ಬಸಿದು ಬಟ್ಟೆಯ ಮೇಲೆ ಹರವಿ ಒರೆಸಲೇಬೇಕು. ಒಮ್ಮೆ ಅವಸರದಲ್ಲಿ ಒದ್ದೆಯಾಗಿಯೇ ಹಾಕಿದ್ದೆ, ಮಧ್ಯಾಹ್ನಕ್ಕೆ ಬೆರಳಿಗೆ ಅಂಟುವ ಲೋಳೆ ಬಂದು ಹನ್ನೊಂದು ಡಬ್ಬಿ ಚೆಲ್ಲಬೇಕಾಯಿತು. ಈಗ ಊದಲು, ಹಾಲು, ಶೇಂಗಾ ಮೂರೂ ಸೇರಿ ಹದಿನೈದು ಹದಿನಾರು ಗ್ರಾಂ ಪ್ರೋಟೀನ್ ಆಗುತ್ತದೆ, ಖಿಚಡಿಯ ಎರಡೂವರೆ ಪಟ್ಟಿಗಿಂತ ಹೆಚ್ಚು. ಜೊತೆಗೆ ಹಬೆಯಲ್ಲಿ ಬೇಯಿಸಿ ಲಿಂಬೆರಸ, ಮೆಣಸಿನ ಪುಡಿ ಉದುರಿಸಿದ ಗೆಣಸಿನ ನಾಲ್ಕು ಹೋಳು, ಒಂದು ಬಾಳೆಹಣ್ಣು. ಗೆಣಸನ್ನು ನಾಲ್ಕು ಗಂಟೆಗೆ ತಿನ್ನಿ ಎಂದು ಹೇಳಿ ಕಳುಹಿಸುತ್ತೇನೆ. ಎಲ್ಲವನ್ನೂ ಒಂದಕ್ಕೇ ತಿಂದವರು ಐದಕ್ಕೆ ಹಸಿವು ಎನ್ನುತ್ತಾರೆ.

ಈ ನಡುವೆ ಒಂದು ದೋಸೆಯ ಹುಚ್ಚು ಹಿಡಿಯಿತು. ದಾವಣಗೆರೆಯಲ್ಲಿದ್ದು ಸೋಮವಾರ ಬೆಣ್ಣೆ ದೋಸೆಯ ವಾಸನೆ ಕುಡಿದು ಸುಮ್ಮನಿರುವುದು ಕಷ್ಟ. ನಾಲ್ಕು ಪಾಲು ಊದಲಿಗೆ ಒಂದು ಪಾಲು ಸಾಬಕ್ಕಿ ನೆನೆಸಿ, ರುಬ್ಬಿ, ಎರಡು ಚಮಚ ಹುಳಿ ಮೊಸರು ಬೆರೆಸಿ ರಾತ್ರಿ ಇಟ್ಟೆ. ಉದ್ದಿಲ್ಲದೆಯೂ ಹಿಟ್ಟು ಸ್ವಲ್ಪ ಉಬ್ಬಿತು. ಕಾವಲಿ ಹೆಚ್ಚು ಕಾದಿದ್ದರೆ ಕಿತ್ತು ಬರುತ್ತದೆ, ಸಣ್ಣ ಉರಿಯಲ್ಲಿ ದಪ್ಪಗೆ ಹೊಯ್ದು ಬೆಣ್ಣೆ ಹಾಕಿ ಮುಚ್ಚಿದರೆ ಅಂಚು ಗರಿಗರಿ, ನಡು ಮೆತ್ತಗೆ. ಮನೆಯಲ್ಲಿ ಬಿಸಿಬಿಸಿಯಾಗಿ ತಿನ್ನಲು ಇದಕ್ಕೆ ಸಾಟಿಯಿಲ್ಲ. ಡಬ್ಬಿಗೆ ಬರುವುದಿಲ್ಲ, ಅರ್ಧ ಗಂಟೆಯಲ್ಲಿ ಚರ್ಮದಂತಾಗುತ್ತದೆ. ಸಾಬಕ್ಕಿಗೆ ನನ್ನ ಅಡುಗೆಮನೆಯಲ್ಲಿ ಈಗ ಉಳಿದಿರುವುದು ಈ ಒಂದು ಪಾಲು ಮಾತ್ರ.

2025ರ ಶ್ರಾವಣದ ನಾಲ್ಕು ಸೋಮವಾರಗಳಿಗೆ 35ರಿಂದ ಶುರುವಾಗಿ ಕೊನೆಯ ವಾರ 60 ಡಬ್ಬಿಯಾಯಿತು. ಒಂದಕ್ಕೆ ಸಾಮಾನು, ಗ್ಯಾಸ್, ಡಬ್ಬಿ ಸೇರಿ 41 ರೂಪಾಯಿ ಆಸುಪಾಸು, ಸಹಾಯಕ್ಕೆ ಬರುವವರ ಕೂಲಿ ಹಂಚಿದರೆ 48. ಮಾರುವುದು 60ಕ್ಕೆ. ಖಿಚಡಿಗೆ ಖರ್ಚು ಇನ್ನೂ ಏಳೆಂಟು ರೂಪಾಯಿ ಕಡಿಮೆಯಿತ್ತು, ಆದರೆ ಎರಡನೆಯ ವಾರಕ್ಕೆ ಗಿರಾಕಿ ಉಳಿಯುತ್ತಿರಲಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಕೇಳಿದರೆ, ಉಪವಾಸ ಮಾಡಬಹುದೆಂದು ವೈದ್ಯರು ಹೇಳಿದ ಮೇಲೆಯೇ ಕೊಡುತ್ತೇನೆ.

ಊದಲು ಬೇಡವೆನ್ನುವವರಿಗೆ ಮತ್ತು ಏಕಾದಶಿಗೆ ಫಲಾಹಾರ ಮಾಡುವವರಿಗೆ ರಾಜಗಿರಿ. ಅದು ದಂಟಿನ ಜಾತಿಯ ಗಿಡದ ಬೀಜ, ಹುಲ್ಲಿನದಲ್ಲ, ಅತ್ತೆಯವರೂ ಒಪ್ಪಿದರು. ಪ್ರೋಟೀನ್ ಊದಲಿಗಿಂತ ಹೆಚ್ಚು. ಆದರೆ ಎಷ್ಟು ಬೆಂದರೂ ಅದು ಊದಲಿನಂತೆ ಮಸೆಯಲು ಸಿಗುವುದಿಲ್ಲ, ಬೀಜ ಬೀಜವಾಗಿಯೇ ಉಳಿದು ಹಾಲಿನ ತಳಕ್ಕೆ ಇಳಿಯುತ್ತದೆ, ಮೇಲೆ ಮೊಸರು ಬೇರೆಯಾಗಿ ನಿಲ್ಲುತ್ತದೆ. ಕಾಲು ಭಾಗವನ್ನು ಹುರಿದು ಹಿಟ್ಟು ಮಾಡಿ ಬೇಯುವಾಗ ಕದಡಿದರೆ ಸ್ವಲ್ಪ ಹಿಡಿದುಕೊಳ್ಳುತ್ತದೆ. ಹೋದ ಏಕಾದಶಿಗೆ ಎಂಟು ಡಬ್ಬಿ ಹಾಗೆ ಮಾಡಿದೆ. ಆರು ಸರಿಯಾಗಿದ್ದವು, ಎರಡು ಬೇರ್ಪಟ್ಟಿದ್ದವು. ಮುಂದಿನ ಸಲ ಬೇಯಿಸಿದ ಗೆಣಸನ್ನು ಅದರಲ್ಲೇ ಮಸೆದು ನೋಡಬೇಕೆಂದಿದ್ದೇನೆ.